ಕೂಪನ್ ಹಣವಲ್ಲ: ಮೊಬೈಲ್ ಆ್ಯಪ್‌ನ ಷರತ್ತುಗಳೂ ಗ್ರಾಹಕನ ಕಾನೂನೂ

ಹೆಸರಿನಲ್ಲಿಯೇ ಮಂಡಿಯನ್ನು ಇರಿಸಿಕೊಂಡಿರುವ ಮೈಸೂರಿನ ಮಂಡಿ ಮೊಹಲ್ಲಾದಂತಹ ಬಡಾವಣೆಗಳ ಹಿರಿಯರಿಗೆ ಅಂಗಡಿಯ ರಸೀದಿಯ ಕೆಳತುದಿಯಲ್ಲಿ ಅಚ್ಚಾಗಿರುತ್ತಿದ್ದ ಒಂದು ವಾಕ್ಯ ಚೆನ್ನಾಗಿ ನೆನಪಿರುತ್ತದೆ. 'ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ' ಎಂಬುದೇ ಆ ವಾಕ್ಯ. ಅದನ್ನು ಕಂಡ ಗ್ರಾಹಕನು ಅದೇ ಕಾನೂನೆಂದು ಭಾವಿಸಿ, ಹರಿದ ಸೀರೆಯನ್ನೋ ಕೆಟ್ಟ ಮಿಕ್ಸಿಯನ್ನೋ ಮನೆಯಲ್ಲಿಯೇ ಇಟ್ಟುಕೊಂಡು ಸುಮ್ಮನಾಗುತ್ತಿದ್ದನು. ವಾಸ್ತವವಾಗಿ ಅದು ಕಾನೂನಾಗಿರಲಿಲ್ಲ. ಅಂಗಡಿಯವನು ತನ್ನ ಅನುಕೂಲಕ್ಕಾಗಿ ಅಚ್ಚು ಹಾಕಿಸಿಕೊಂಡ ಮಾತು ಅಷ್ಟೇ.

ಈಗ ಆ ವಾಕ್ಯವು ರಸೀದಿಯನ್ನು ಬಿಟ್ಟು ಮೊಬೈಲ್‌ನ ಪರದೆಯ ಮೇಲೆ ಬಂದು ಕುಳಿತಿದೆ. ಆಟೋ ಕರೆಯಲು, ತರಕಾರಿ ತರಿಸಲು, ಮಕ್ಕಳ ಪಾಠಕ್ಕೆ ಸೇರಲು ನಾವು ಒಂದು ಆ್ಯಪ್ ಅನ್ನು ಫೋನಿಗೆ ಇಳಿಸಿಕೊಳ್ಳುತ್ತೇವೆ. ಆಗ ಹಲವು ಪುಟಗಳಷ್ಟು ಉದ್ದದ ಷರತ್ತುಗಳು ಬರುತ್ತವೆ. ಬಹುಪಾಲು ಅವು ಇಂಗ್ಲಿಷಿನಲ್ಲಿರುತ್ತವೆ. ಅವುಗಳನ್ನು ಓದದೆ 'ಒಪ್ಪಿದೆ' ಎಂಬ ಗುಂಡಿಯನ್ನು ಒತ್ತಿಬಿಡುತ್ತೇವೆ. ಮುಂದೆ ಸೇವೆ ಕೆಟ್ಟು ಹಣವನ್ನು ಹಿಂದಕ್ಕೆ ಕೇಳಿದಾಗ, 'ತಾವು ಒಪ್ಪಿದ ಷರತ್ತಿನಂತೆ ಹಣದ ಬದಲು ಕೂಪನ್ ನೀಡಲಾಗಿದೆ' ಎಂಬ ಉತ್ತರ ಬರುತ್ತದೆ. ಈ ಉತ್ತರವು ಕಾನೂನಿನ ಮುಂದೆ ನಿಲ್ಲುವುದೇ ಎಂಬುದೊಂದೇ ಪ್ರಶ್ನೆಯನ್ನು ಈ ಲೇಖನದಲ್ಲಿ ನಾವು ಪರಿಶೀಲಿಸೋಣ. ಇದಕ್ಕೆ ನಮ್ಮ ರಾಜ್ಯದ ರಾಜಧಾನಿಯಲ್ಲಿಯೇ ನೆಲೆಸಿರುವ ಎರಡು ಕಂಪನಿಗಳ ಮೇಲೆ ಇತ್ತೀಚೆಗೆ ಹೊರಬಿದ್ದ ಆದೇಶಗಳು ಸ್ಪಷ್ಟವಾದ ಉತ್ತರವನ್ನು ಕೊಟ್ಟಿವೆ.

ಓಲಾ ಪ್ರಕರಣ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು 2020ರ ಜುಲೈ ತಿಂಗಳಿನಲ್ಲಿ ಜಾರಿಗೆ ಬಂದಿತು. 1986ರ ಹಳೆಯ ಕಾಯ್ದೆಯಲ್ಲಿ ಇಲ್ಲದಿದ್ದ ಒಂದು ಹೊಸ ಸಂಸ್ಥೆಯನ್ನು ಅದು ಹುಟ್ಟುಹಾಕಿತು. ಅದರ ಹೆಸರು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ. ಒಬ್ಬೊಬ್ಬ ಗ್ರಾಹಕನ ವ್ಯಾಜ್ಯವನ್ನು ತೀರ್ಮಾನಿಸುವುದು ಆಯೋಗಗಳ ಕೆಲಸ. ಗ್ರಾಹಕರಿಗೆ ಒಟ್ಟಾರೆಯಾಗಿ ಆಗುತ್ತಿರುವ ಅನ್ಯಾಯವನ್ನು ತಡೆಯುವುದು ಈ ಪ್ರಾಧಿಕಾರದ ಕೆಲಸ. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಉಪಯೋಗಕ್ಕೆ ಬರುತ್ತದೆ.

2024ರ ಅಕ್ಟೋಬರ್ ತಿಂಗಳಿನಲ್ಲಿ ಈ ಪ್ರಾಧಿಕಾರವು ಬೆಂಗಳೂರಿನ ಓಲಾ ಕಂಪನಿಗೆ ಒಂದು ನಿರ್ದೇಶನವನ್ನು ನೀಡಿತು. ಆ ವರ್ಷದ ಜನವರಿ 1ರಿಂದ ಅಕ್ಟೋಬರ್ 9ರವರೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಈ ಕಂಪನಿಯ ವಿರುದ್ಧ 2,061 ದೂರುಗಳು ದಾಖಲಾಗಿದ್ದವು. ತೋರಿಸಿದ ದರಕ್ಕಿಂತ ಹೆಚ್ಚು ವಸೂಲಿ ಮಾಡಿದ್ದು ಹಾಗೂ ಹಣವನ್ನು ಹಿಂದಿರುಗಿಸದೆ ಹೋದದ್ದು ಅವುಗಳಲ್ಲಿ ಮುಖ್ಯವಾದವು.

ತನಿಖೆಯಲ್ಲಿ ಪ್ರಾಧಿಕಾರದ ಕಣ್ಣಿಗೆ ಬಿದ್ದದ್ದು ಕಂಪನಿಯ 'ಪ್ರಶ್ನೆ ಕೇಳದೆ ಮರುಪಾವತಿ' ಎಂಬ ನೀತಿ. ಹೆಸರನ್ನು ಕೇಳಿದರೆ ಇದಕ್ಕಿಂತ ಉದಾರವಾದದ್ದು ಬೇರೊಂದಿಲ್ಲವೆನಿಸುತ್ತದೆ. ಆದರೆ ಗ್ರಾಹಕನು ದೂರಿತ್ತಾಗಲೆಲ್ಲ ಅವನಿಗೆ ದೊರೆಯುತ್ತಿದ್ದುದು ಮುಂದಿನ ಪ್ರಯಾಣಕ್ಕೆ ಉಪಯೋಗಿಸಬಹುದಾದ ಒಂದು ಕೂಪನ್ ಸಂಕೇತ ಮಾತ್ರ. ತನ್ನ ಬ್ಯಾಂಕ್ ಖಾತೆಗೆ ಹಣ ಬೇಕೇ ಅಥವಾ ಕೂಪನ್ ಸಾಕೇ ಎಂದು ಆಯ್ದುಕೊಳ್ಳುವ ಅವಕಾಶವನ್ನು ಅವನಿಗೆ ಕೊಟ್ಟಿರಲಿಲ್ಲ. ಪ್ರಶ್ನೆ ಕೇಳದೆ ಮರುಪಾವತಿ ಎಂದರೆ ಮತ್ತೊಂದು ಪ್ರಯಾಣ ಮಾಡುವಂತೆ ಜನರನ್ನು ಪ್ರೇರೇಪಿಸುವುದೆಂದು ಅರ್ಥವಾಗಲಾರದು ಎಂಬುದು ಪ್ರಾಧಿಕಾರದ ನಿಲುವಾಗಿತ್ತು. ಬ್ಯಾಂಕ್ ಖಾತೆಗೆ ಹಣ ಅಥವಾ ಕೂಪನ್, ಇವೆರಡರಲ್ಲಿ ಯಾವುದು ಬೇಕೆಂಬುದನ್ನು ಗ್ರಾಹಕನೇ ಆರಿಸಿಕೊಳ್ಳುವ ವ್ಯವಸ್ಥೆಯನ್ನು ತರಬೇಕೆಂದು ಅದು ವಿಧಿಸಿತು.

ಅದೇ ಆದೇಶದ ಎರಡನೆಯ ಭಾಗವೂ ಗಮನಾರ್ಹವಾದುದು. ಆಟೋ ಪ್ರಯಾಣಕ್ಕೆ ಬಿಲ್ ಕೇಳಿದರೆ, ಆಟೋ ಸೇವೆಯ ಷರತ್ತುಗಳು ಬದಲಾಗಿರುವುದರಿಂದ ಬಿಲ್ ಕೊಡಲಾಗುವುದಿಲ್ಲ ಎಂಬ ಸಂದೇಶವು ಪರದೆಯ ಮೇಲೆ ಕಾಣಿಸುತ್ತಿತ್ತು. ಅಂದರೆ ಕಂಪನಿಯು ತಾನೇ ಬದಲಿಸಿದ ಷರತ್ತನ್ನು ತೋರಿಸಿ, ಕಾನೂನು ತನ್ನ ಮೇಲೆ ಹೊರಿಸಿದ ಕರ್ತವ್ಯದಿಂದ ಜಾರಿಕೊಂಡಿತ್ತು. ಬಿಲ್ ಅಥವಾ ರಸೀದಿಯನ್ನು ಕೊಡದಿರುವುದು ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೇ ಆಗಿದೆ. ಎಲ್ಲ ಪ್ರಯಾಣಗಳಿಗೂ ಬಿಲ್ ಕೊಡಬೇಕೆಂದು ಪ್ರಾಧಿಕಾರವು ಆಜ್ಞಾಪಿಸಿತು. ಷರತ್ತುಗಳ ಪತ್ರವು ಕಾನೂನಿನ ಕೆಳಗಿರುವುದೇ ಹೊರತು ಮೇಲಿರುವುದಲ್ಲ ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ಐವತ್ತು ರೂಪಾಯಿಯ ವಾಗ್ದಾನ

ಎರಡನೆಯದು ರ್‍ಯಾಪಿಡೋ ಕಂಪನಿಯ ಪ್ರಕರಣ. ಇದೂ ಬೆಂಗಳೂರಿನದೇ. 'ಐದು ನಿಮಿಷದಲ್ಲಿ ಆಟೋ, ಇಲ್ಲದಿದ್ದರೆ 50 ರೂಪಾಯಿ' ಎಂಬ ಜಾಹೀರಾತನ್ನು ಅದು ದೇಶದ ನೂರಕ್ಕೂ ಹೆಚ್ಚು ನಗರಗಳಲ್ಲಿ, ಪ್ರಾದೇಶಿಕ ಭಾಷೆಗಳಲ್ಲಿಯೂ, ಸುಮಾರು ಒಂದೂವರೆ ವರ್ಷ ಕಾಲ ಪ್ರಸಾರ ಮಾಡಿತ್ತು. 2025ರ ಆಗಸ್ಟ್ ತಿಂಗಳಿನಲ್ಲಿ ಪ್ರಾಧಿಕಾರವು ಇದಕ್ಕಾಗಿ 10 ಲಕ್ಷ ರೂಪಾಯಿಗಳ ದಂಡವನ್ನು ವಿಧಿಸಿತು. ದಾರಿ ತಪ್ಪಿಸುವ ಜಾಹೀರಾತಿನ ಮೊದಲ ತಪ್ಪಿಗೆ ಕಾಯ್ದೆಯ 21ನೆಯ ಕಲಮು ವಿಧಿಸಬಹುದಾದ ಗರಿಷ್ಠ ದಂಡವೇ ಅದು.

ಆ 50 ರೂಪಾಯಿಯ ಒಳಗಿದ್ದುದೇನು ಎಂಬುದನ್ನು ಬಿಡಿಸಿ ನೋಡಬೇಕು. ಮೊದಲನೆಯದಾಗಿ, ಅದು '50' ಆಗಿರದೆ '50ರವರೆಗೆ' ಆಗಿತ್ತು. ಎರಡನೆಯದಾಗಿ, ಅದು ರೂಪಾಯಿಯಾಗಿರದೆ ಕಂಪನಿಯದೇ ಆದ 'ನಾಣ್ಯ'ವಾಗಿತ್ತು. ಮೂರನೆಯದಾಗಿ, ಆ ನಾಣ್ಯವನ್ನು ಬೈಕ್ ಪ್ರಯಾಣಕ್ಕೆ ಮಾತ್ರ ಬಳಸಬಹುದಾಗಿತ್ತು. ನಾಲ್ಕನೆಯದಾಗಿ, ಏಳು ದಿನಗಳಲ್ಲಿ ಅದರ ಆಯುಷ್ಯ ಮುಗಿಯುತ್ತಿತ್ತು. ಇದಲ್ಲದೆ, ಈ ಖಾತರಿಯನ್ನು ಕೊಡುವವನು ಚಾಲಕನೇ ಹೊರತು ಕಂಪನಿಯಲ್ಲ ಎಂದು ಷರತ್ತುಗಳ ಪತ್ರದಲ್ಲಿ ಬರೆದಿತ್ತು. ದೊಡ್ಡ ಅಕ್ಷರದ ಮಾತನ್ನು ಸಣ್ಣ ಅಕ್ಷರದ ಮಾತು ನುಂಗಿಹಾಕಿತ್ತು.

ಆಟೋ ಬೇಕೆಂದು ಕರೆದವರು ಎಂಥವರು? ಮಗುವನ್ನು ಎತ್ತಿಕೊಂಡ ತಾಯಿ, ಕೈಯಲ್ಲಿ ಸಂತೆಯ ಚೀಲ ಹಿಡಿದ ಹಿರಿಯರು. ಅವರಿಗೆ ಬೈಕಿನ ಹಿಂಬದಿಯ ಆಸನಕ್ಕೆ ಮಾತ್ರ ಸಲ್ಲುವ ನಾಣ್ಯದಿಂದ ಪ್ರಯೋಜನವೇನು? ನಮ್ಮ ರಾಜ್ಯದಲ್ಲಿಯಂತೂ ಉಚ್ಚ ನ್ಯಾಯಾಲಯದ ಆದೇಶಕ್ಕೆ ಅನುಸಾರವಾಗಿ 2025ರ ಜೂನ್ 16ರಿಂದ ಕೆಲವು ವಾರ ಬೈಕ್ ಟ್ಯಾಕ್ಸಿಯ ಸಂಚಾರವೇ ನಿಂತಿತ್ತು. ಅಂತಹ ಸಮಯದಲ್ಲಿ ಏಳು ದಿನಗಳ ಆಯುಷ್ಯದ ಬೈಕ್ ನಾಣ್ಯವೊಂದು ಯಾರ ಕೈಗಾದರೂ ಬಂದಿದ್ದರೆ ಅದು ಹುಟ್ಟಿದಲ್ಲಿಯೇ ಸತ್ತಂತೆ. ಭರವಸೆಯನ್ನು ನಂಬಿ ಹಣ ಪಡೆಯದೆ ಉಳಿದ ಗ್ರಾಹಕರಿಗೆ ಅದನ್ನು ಭರಿಸಿಕೊಡಬೇಕೆಂದೂ ಪ್ರಾಧಿಕಾರವು ಆದೇಶಿಸಿತು.

ಕೂಪನ್ ಮತ್ತು ಹಣದ ವ್ಯತ್ಯಾಸ

ಈ ಎರಡು ಪ್ರಕರಣಗಳಿಂದ ಒಂದು ಸೂತ್ರ ಸಿಕ್ಕುತ್ತದೆ. ಹಣವನ್ನು ಹಿಂದಿರುಗಿಸಿದರೆ ಗ್ರಾಹಕನು ಸ್ವತಂತ್ರನಾಗುತ್ತಾನೆ; ಬೇರೆ ಆಟೋ ಹತ್ತಬಹುದು, ನಡೆದು ಹೋಗಬಹುದು, ಆ ಹಣದಿಂದ ಹಾಲು ತರಬಹುದು. ಕೂಪನ್ ಕೊಟ್ಟರೆ ಅವನು ತನಗೆ ತೊಂದರೆ ಕೊಟ್ಟವರ ಬಳಿಗೇ ಮತ್ತೆ ಹೋಗಬೇಕು. ಹಣವು ಅಷ್ಟು ದಿನ ಕಂಪನಿಯ ಬಳಿಯೇ ಉಳಿಯುತ್ತದೆ. ಅವಧಿ ಮೀರಿದರೆ ಶಾಶ್ವತವಾಗಿ ಉಳಿಯುತ್ತದೆ.

ಹಾಗೆಂದು ಕೂಪನ್ ಕೊಡುವುದೇ ಅಪರಾಧವೆಂದು ತಿಳಿಯಬಾರದು. ಎರಡು ದಾರಿಗಳನ್ನೂ ಎದುರಿಗಿಟ್ಟಾಗ ಗ್ರಾಹಕನು ಮನಃಪೂರ್ವಕವಾಗಿ ಕೂಪನ್ ಅನ್ನೇ ಆರಿಸಿಕೊಂಡರೆ ಅದರಲ್ಲಿ ದೋಷವಿಲ್ಲ. ಆಯ್ಕೆಯೇ ಇಲ್ಲದಂತೆ ಮಾಡುವುದು ದೋಷ. ಆದ್ದರಿಂದಲೇ ಓದುಗರಿಗೆ ಒಂದು ಎಚ್ಚರಿಕೆಯ ಮಾತು: ಹಣವೇ ಬೇಕೆಂಬ ಇಚ್ಛೆಯಿದ್ದರೆ ಬಂದ ಕೂಪನ್ ಅನ್ನು ಬಳಸಬೇಡಿರಿ. ಬಳಸಿಬಿಟ್ಟ ಮೇಲೆ, 'ನೀವೇ ಒಪ್ಪಿಕೊಂಡು ಉಪಯೋಗಿಸಿದ್ದೀರಿ' ಎಂದು ಎದುರು ಪಕ್ಷದವರು ವಾದಿಸಲು ನಾವೇ ಅವಕಾಶ ಕೊಟ್ಟಂತಾಗುತ್ತದೆ.

ಒಂದು ಷರತ್ತು ಪತ್ರವನ್ನು ಪರೀಕ್ಷಿಸೋಣ

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇದರಲ್ಲಿ ಬರುವ ಕುಟುಂಬವೂ ಆ್ಯಪ್ ಕೂಡ ಕಾಲ್ಪನಿಕ. ಮಂಡಿ ಮೊಹಲ್ಲಾದ ಒಬ್ಬ ಗೃಹಿಣಿ ತನ್ನ ಅತ್ತೆಯವರೊಡನೆ ಕುವೆಂಪುನಗರದ ನೆಂಟರ ಮನೆಗೆ ಹೊರಟಿದ್ದಾಳೆ. ಆ್ಯಪ್‌ನಲ್ಲಿ ಆಟೋ ಕರೆದು, ಯುಪಿಐ ಮೂಲಕ 160 ರೂಪಾಯಿಯನ್ನು ಮುಂಗಡವಾಗಿಯೇ ಕೊಟ್ಟಳು. ಚಾಲಕನು ಒಪ್ಪಿಕೊಂಡನು, ಆದರೆ ಇದ್ದ ಜಾಗದಿಂದ ಕದಲಲಿಲ್ಲ. ಇಪ್ಪತ್ತು ನಿಮಿಷಗಳ ಅನಂತರ ತಾನೇ ಪ್ರಯಾಣವನ್ನು ರದ್ದುಮಾಡಿದನು. ಸ್ವಲ್ಪ ಹೊತ್ತಿನಲ್ಲಿ ಆಕೆಯ ಫೋನಿಗೆ 160 ರೂಪಾಯಿಯ ಕೂಪನ್ ಬಂದಿತು. ಅದರ ಅವಧಿ ಏಳು ದಿನ. 300 ರೂಪಾಯಿಗೆ ಮೀರಿದ ಪ್ರಯಾಣಕ್ಕೆ ಮಾತ್ರ ಅದು ಸಲ್ಲುತ್ತದೆ. ಆಕೆಯ ಮಗನು ಷರತ್ತುಗಳ ಪುಟವನ್ನು ತೆರೆದು ನೋಡಿದಾಗ ಮೂರು ಷರತ್ತುಗಳು ಕಂಡವು.

ಮೊದಲನೆಯ ಷರತ್ತು: 'ಎಲ್ಲ ಮರುಪಾವತಿಗಳೂ ಕೂಪನ್ ರೂಪದಲ್ಲಿ ಮಾತ್ರ.' ಇದನ್ನು ಅಳೆಯುವ ಕೋಲು ಕಾಯ್ದೆಯ 2(47)ನೆಯ ಕಲಮಿನಲ್ಲಿದೆ. ನ್ಯೂನತೆಯುಳ್ಳ ಸೇವೆಗೆ ಪಡೆದ ಪ್ರತಿಫಲವನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳಿಲ್ಲದಿದ್ದರೆ 30 ದಿನಗಳೊಳಗೆ ಹಿಂದಿರುಗಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಅದು ಹೇಳುತ್ತದೆ. ಗೃಹಿಣಿ ಕೊಟ್ಟ ಪ್ರತಿಫಲವು ಹಣವೇ ಹೊರತು ಕೂಪನ್ ಅಲ್ಲ. ಆದ್ದರಿಂದ ಹಿಂದಕ್ಕೆ ಬರಬೇಕಾದದ್ದೂ ಹಣವೇ. ಓಲಾ ಪ್ರಕರಣದಲ್ಲಿ ಪ್ರಾಧಿಕಾರವು ನೀಡಿದ ನಿರ್ದೇಶನವು ಈ ವಾದಕ್ಕೆ ಬಲವನ್ನು ಕೊಡುತ್ತದೆ. 160 ರೂಪಾಯಿಯ ಕೂಪನ್ ಬಳಸಲು ಆಕೆ ಕೈಯಿಂದ ಮತ್ತೆ 140 ರೂಪಾಯಿಗಿಂತ ಹೆಚ್ಚನ್ನು ಹಾಕಬೇಕಾಗುವುದೆಂಬುದನ್ನೂ ಗಮನಿಸಬೇಕು. ಇದು ಮರುಪಾವತಿಯಲ್ಲ, ಹೊಸ ವ್ಯಾಪಾರ.

ಎರಡನೆಯ ಷರತ್ತು: 'ಮೂರು ನಿಮಿಷಗಳ ಅನಂತರ ಪ್ರಯಾಣಿಕರು ರದ್ದುಮಾಡಿದರೆ 40 ರೂಪಾಯಿ ಶುಲ್ಕ.' ಚಾಲಕನಾಗಲೀ ಕಂಪನಿಯಾಗಲೀ ರದ್ದುಮಾಡಿದರೆ ಏನೆಂಬುದರ ಬಗೆಗೆ ಷರತ್ತುಗಳಲ್ಲಿ ಒಂದು ಮಾತೂ ಇಲ್ಲ. ರದ್ದತಿ ಶುಲ್ಕವೆಂಬುದು ಸ್ವತಃ ಅನ್ಯಾಯವಲ್ಲ. ಚಾಲಕನು ಎರಡು ಕಿಲೋಮೀಟರ್ ದೂರದಿಂದ ಬಂದು ಬಾಗಿಲಲ್ಲಿ ನಿಂತಾಗ ನಾವು ಬೇಡವೆಂದರೆ ಅವನ ಇಂಧನವೂ ಸಮಯವೂ ವ್ಯರ್ಥವಾಗುತ್ತವೆ. ಅದಕ್ಕೆ ಮಿತವಾದ ಶುಲ್ಕ ಕೇಳಿದರೆ ತಪ್ಪೆನ್ನಲಾಗದು. ಆದರೆ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ 4ನೆಯ ನಿಯಮವು ಒಂದು ಸಮತೂಕವನ್ನು ವಿಧಿಸಿದೆ. ಸಂಸ್ಥೆಯು ತಾನಾಗಿಯೇ ರದ್ದುಮಾಡಿದಾಗ ಅಂತಹುದೇ ಶುಲ್ಕವನ್ನು ತಾನೂ ಹೊರದಿದ್ದರೆ ಗ್ರಾಹಕನ ಮೇಲೆ ರದ್ದತಿ ಶುಲ್ಕವನ್ನು ಹೇರುವಂತಿಲ್ಲ. ಗ್ರಾಹಕನಿಗೆ ಒಂದು ತಕ್ಕಡಿ, ಕಂಪನಿಗೆ ಇನ್ನೊಂದು ತಕ್ಕಡಿ ಇರಕೂಡದೆಂಬುದೇ ಇದರ ಸಾರ.

ಈ ತಕ್ಕಡಿಯ ವಿಚಾರವನ್ನು ಸರ್ವೋಚ್ಚ ನ್ಯಾಯಾಲಯವು 2019ರ ಏಪ್ರಿಲ್ 2ರಂದು ಪಯೋನಿಯರ್ ಅರ್ಬನ್ ಎಂಬ ಗೃಹನಿರ್ಮಾಣ ಕಂಪನಿಯ ಪ್ರಕರಣದಲ್ಲಿ ವಿಶದವಾಗಿ ವಿವೇಚಿಸಿದೆ. ಅಲ್ಲಿ ಕೊಳ್ಳುವವನು ಕಂತನ್ನು ತಡಮಾಡಿದರೆ ಶೇಕಡ 18ರ ಬಡ್ಡಿ ಕೊಡಬೇಕಾಗಿತ್ತು. ಕಂಪನಿಯು ಮನೆಯನ್ನು ತಡಮಾಡಿದರೆ ಶೇಕಡ 9 ಮಾತ್ರ. ಸಿದ್ಧಪಡಿಸಿದ ಕರಾರಿಗೆ ಚುಕ್ಕೆ ಸಾಲಿನ ಮೇಲೆ ಸಹಿ ಮಾಡುವುದನ್ನು ಬಿಟ್ಟು ಬೇರೆ ದಾರಿಯೇ ಇಲ್ಲದವನನ್ನು ಅಂತಹ ಏಕಪಕ್ಷೀಯ ಷರತ್ತು ಬಂಧಿಸಲಾರದು ಎಂದು ನ್ಯಾಯಾಲಯವು ತೀರ್ಮಾನಿಸಿತು. ಅದು ಕೋಟ್ಯಂತರ ರೂಪಾಯಿಯ ಮನೆಯ ವಿಚಾರ, ಇದು 160 ರೂಪಾಯಿಯ ಆಟೋ ವಿಚಾರ. ಆದರೂ ಚುಕ್ಕೆ ಸಾಲಿಗೂ 'ಒಪ್ಪಿದೆ' ಎಂಬ ಗುಂಡಿಗೂ ತತ್ತ್ವದಲ್ಲಿ ಭೇದವಿಲ್ಲ. ಒಪ್ಪಿದ್ದೇವೆಂಬ ಒಂದೇ ಕಾರಣದಿಂದ ಅನ್ಯಾಯವು ನ್ಯಾಯವಾಗುವುದಿಲ್ಲ.

ಮೂರನೆಯ ಷರತ್ತು: 'ಎಲ್ಲ ವ್ಯಾಜ್ಯಗಳನ್ನೂ ಕಂಪನಿಯ ಕಚೇರಿಯಿರುವ ಊರಿನಲ್ಲಿ, ಮಧ್ಯಸ್ಥಗಾರರ ಮುಂದೆ ಮಾತ್ರ ಇತ್ಯರ್ಥಪಡಿಸತಕ್ಕದ್ದು.' ಇದನ್ನು ಓದಿದ ಕೂಡಲೇ ಬಹುಮಂದಿ ದೂರಿನ ಆಸೆಯನ್ನೇ ಬಿಡುತ್ತಾರೆ. ಬಿಡಬೇಕಾದ ಕಾರಣವಿಲ್ಲ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದ ಮಾತ್ರಕ್ಕೆ ಗ್ರಾಹಕ ನ್ಯಾಯದ ಬಾಗಿಲು ಮುಚ್ಚುವುದಿಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2018ರ ಡಿಸೆಂಬರ್ 10ರಂದು ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಊರಿನ ವಿಷಯದಲ್ಲಿಯೂ 2019ರ ಕಾಯ್ದೆಯು ದೊಡ್ಡ ಅನುಕೂಲವನ್ನು ಮಾಡಿಕೊಟ್ಟಿದೆ. ಅದರ 34ನೆಯ ಕಲಮಿನ ಪ್ರಕಾರ ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಮಂಡಿ ಮೊಹಲ್ಲಾದ ಗೃಹಿಣಿ ಮೈಸೂರು ಜಿಲ್ಲಾ ಆಯೋಗಕ್ಕೆ ಹೋದರೆ ಸಾಕು. ಕಂಪನಿಯೇ ಇಲ್ಲಿಗೆ ಬಂದು ಉತ್ತರ ಕೊಡಬೇಕು.

ಷರತ್ತನ್ನು ರದ್ದುಪಡಿಸುವವರು ಯಾರು?

ಇಲ್ಲಿ ಬಹುಮಂದಿ ಎಡವುವ ಒಂದು ಸೂಕ್ಷ್ಮವಿದೆ. ಕಾಯ್ದೆಯ 2(46)ನೆಯ ಕಲಮು 'ಅನ್ಯಾಯದ ಕರಾರು' ಎಂಬುದನ್ನು ಪ್ರತ್ಯೇಕವಾಗಿ ವಿವರಿಸಿದೆ. ವಿಪರೀತ ಮೊತ್ತದ ಠೇವಣಿ ಕೇಳುವುದು, ಆದ ನಷ್ಟಕ್ಕೆ ಹೋಲಿಸಲಾಗದಷ್ಟು ದಂಡ ಹೇರುವುದು, ಸಮಂಜಸ ಕಾರಣವಿಲ್ಲದೆ ಕರಾರನ್ನು ತಾನೊಬ್ಬನೇ ಮುರಿಯುವ ಅಧಿಕಾರವನ್ನು ಇಟ್ಟುಕೊಳ್ಳುವುದು, ಗ್ರಾಹಕನನ್ನು ಪ್ರತಿಕೂಲ ಸ್ಥಿತಿಗೆ ತಳ್ಳುವ ಅಸಮಂಜಸ ಷರತ್ತನ್ನು ವಿಧಿಸುವುದು ಮುಂತಾದವು ಅದರಲ್ಲಿ ಬರುತ್ತವೆ. ಇಂತಹ ಷರತ್ತನ್ನು ಶೂನ್ಯವೆಂದು ಘೋಷಿಸುವ ಅಧಿಕಾರವನ್ನು ಕಾಯ್ದೆಯು ಜಿಲ್ಲಾ ಆಯೋಗಕ್ಕೆ ಕೊಟ್ಟಿಲ್ಲ. ಅದು ಬೆಂಗಳೂರಿನಲ್ಲಿರುವ ರಾಜ್ಯ ಆಯೋಗಕ್ಕೂ, ಕೊಟ್ಟ ಪ್ರತಿಫಲವು ಹತ್ತು ಕೋಟಿ ರೂಪಾಯಿಗೆ ಮೀರಿದ್ದರೆ ರಾಷ್ಟ್ರೀಯ ಆಯೋಗಕ್ಕೂ ಸೇರಿದುದು.

ಆದ್ದರಿಂದ ಜಿಲ್ಲಾ ಆಯೋಗಕ್ಕೆ ಹೋದವರು 'ಈ ಷರತ್ತನ್ನು ರದ್ದುಪಡಿಸಿರಿ' ಎಂದು ಬರೆದರೆ, ಅಧಿಕಾರ ವ್ಯಾಪ್ತಿಯ ಆಕ್ಷೇಪಣೆಯನ್ನು ತಾವೇ ಆಹ್ವಾನಿಸಿದಂತಾಗುತ್ತದೆ. ಅಲ್ಲಿ ಕೇಳಬೇಕಾದದ್ದು ಬೇರೆ: ಸೇವೆಯಲ್ಲಿ ನ್ಯೂನತೆಯಾಗಿದೆ, ಹಣವನ್ನು ಹಿಂದಿರುಗಿಸದಿರುವುದು ಅನುಚಿತ ವ್ಯಾಪಾರ ಪದ್ಧತಿ, ಆದ್ದರಿಂದ ನನ್ನ ಹಣವನ್ನೂ ಪರಿಹಾರವನ್ನೂ ಕೊಡಿಸಿರಿ ಎಂದು. ಸ್ವಂತ ಹಣ ಬೇಕಾದವರಿಗೆ ಜಿಲ್ಲಾ ಆಯೋಗ. ಷರತ್ತೇ ಅಳಿಯಬೇಕೆಂಬುವರಿಗೆ ರಾಜ್ಯ ಆಯೋಗ. ಊರಿಗೆಲ್ಲ ಆಗುತ್ತಿರುವ ಅನ್ಯಾಯ ನಿಲ್ಲಬೇಕೆಂಬುವರಿಗೆ ಕೇಂದ್ರ ಪ್ರಾಧಿಕಾರ. ಈ ಮೂರನೆಯ ದಾರಿಗೆ ದೆಹಲಿಗೆ ಹೋಗಬೇಕಿಲ್ಲ. ಗ್ರಾಹಕರ ಸಮೂಹಕ್ಕೆ ಬಾಧಕವಾದ ವಿಷಯವನ್ನು ತಮ್ಮ ಜಿಲ್ಲಾಧಿಕಾರಿಗಳಿಗೇ ಬರೆದುಕೊಡಲು 17ನೆಯ ಕಲಮು ಅವಕಾಶವಿತ್ತಿದೆ.

ಹೆಜ್ಜೆಗಳು

ಮೊದಲ ಹೆಜ್ಜೆ ಸಾಕ್ಷ್ಯದ್ದು. ಆ್ಯಪ್‌ನ ಷರತ್ತುಗಳು ಇಂದು ಇದ್ದಂತೆ ನಾಳೆ ಇರುವುದಿಲ್ಲ. ಆದುದರಿಂದ ತೊಂದರೆಯಾದ ದಿನವೇ ನಾಲ್ಕು ಸ್ಕ್ರೀನ್‌ಶಾಟ್‌ಗಳನ್ನು ತೆಗೆದಿಟ್ಟುಕೊಳ್ಳಬೇಕು: ದರ ತೋರಿಸಿದ ಪುಟ, ರದ್ದಾದದ್ದನ್ನು ತೋರಿಸುವ ಪುಟ, ಕೂಪನ್‌ನ ಪುಟ, ಮರುಪಾವತಿಯ ಷರತ್ತಿರುವ ಪುಟ. ಹಣ ಹೋದದ್ದಕ್ಕೆ ಯುಪಿಐ ವ್ಯವಹಾರದ ಸಂಖ್ಯೆ ಬೇಕು. ಸಿಟ್ಟಿನಲ್ಲಿ ಆ್ಯಪ್ ಅನ್ನು ಅಳಿಸಿಹಾಕಬಾರದು. ಪ್ರಯಾಣದ ವಿವರಗಳನ್ನು ಮತ್ತೆ ಹುಡುಕುವುದು ಕಷ್ಟವಾದೀತು.

ಎರಡನೆಯದು ಕಂಪನಿಗೆ ಬರವಣಿಗೆಯಲ್ಲಿ ದೂರು. ದೂರವಾಣಿಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಪ್ರತಿಯೊಂದು ಇ-ಕಾಮರ್ಸ್ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರು ಮತ್ತು ವಿಳಾಸವನ್ನು ಪ್ರಕಟಿಸಿರಬೇಕು. ಅವರು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರು ಉದ್ದವಾಗಿರಬೇಕಾಗಿಲ್ಲ. ನಮ್ಮ ಗೃಹಿಣಿಯ ಪತ್ರವು ಹೀಗಿದ್ದರೆ ಸಾಕು:

'ಇಂತಹ ದಿನಾಂಕದಂದು, ಇಂತಹ ಸಂಖ್ಯೆಯ ಪ್ರಯಾಣಕ್ಕೆ 160 ರೂಪಾಯಿಯನ್ನು ಯುಪಿಐ ಮೂಲಕ ಪಾವತಿಸಿರುತ್ತೇನೆ. ಚಾಲಕರು ತಾವಾಗಿಯೇ ಪ್ರಯಾಣವನ್ನು ರದ್ದುಪಡಿಸಿರುತ್ತಾರೆ. ತಾವು ಕಳಿಸಿರುವ ಕೂಪನ್ ಅನ್ನು ನಾನು ಒಪ್ಪಿಲ್ಲ ಮತ್ತು ಬಳಸಿಲ್ಲ. ಪೂರ್ತಿ ಹಣವನ್ನು ನಾನು ಪಾವತಿಸಿದ ಖಾತೆಗೇ ಹಿಂದಿರುಗಿಸಬೇಕಾಗಿ ಕೋರುತ್ತೇನೆ. ಪ್ರಯಾಣದ ಬಿಲ್ ಅಥವಾ ರದ್ದತಿಯ ದಾಖಲೆಯನ್ನೂ ಕಳಿಸಬೇಕು.'

'ಒಪ್ಪಿಲ್ಲ ಮತ್ತು ಬಳಸಿಲ್ಲ' ಎಂಬ ಎರಡು ಪದಗಳು ಈ ಪತ್ರದ ಜೀವಾಳ. 'ಪಾವತಿಸಿದ ಖಾತೆಗೇ' ಎಂಬುದು ಎರಡನೆಯ ಮುಖ್ಯ ಮಾತು. ಹಣವನ್ನು ಬ್ಯಾಂಕ್ ಖಾತೆಗೆ ಕಳಿಸದೆ ಆ್ಯಪ್‌ನೊಳಗಿನ 'ಪರ್ಸ್'ಗೆ ಹಾಕಿ ಮರುಪಾವತಿಯಾಯಿತೆಂದು ಹೇಳಿಬಿಟ್ಟರೆ, ಅದೂ ಕೂಪನ್‌ನ ಸೋದರಸಂಬಂಧಿಯೇ.

ಮೂರನೆಯ ಹೆಜ್ಜೆ 1915 ಎಂಬ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಇಲ್ಲಿ ಕನ್ನಡದಲ್ಲಿಯೇ ದೂರು ಹೇಳಬಹುದು, ಶುಲ್ಕವಿಲ್ಲ. ಸಹಾಯವಾಣಿಯು ನ್ಯಾಯಾಲಯವಲ್ಲ, ಕಂಪನಿಯನ್ನು ಬಲವಂತಪಡಿಸುವ ಅಧಿಕಾರ ಅದಕ್ಕಿಲ್ಲ. ಅದು ದೂರನ್ನು ಕಂಪನಿಗೆ ತಲುಪಿಸಿ ಉತ್ತರ ತರಿಸುತ್ತದೆ. ಆದರೂ 160 ರೂಪಾಯಿಯಂತಹ ಸಣ್ಣ ಮೊತ್ತಕ್ಕೆ ಇದೇ ಹೆಚ್ಚು ಉಪಯುಕ್ತವಾದ ಬಾಗಿಲು. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಓಲಾ ಪ್ರಕರಣದಲ್ಲಿ ಪ್ರಾಧಿಕಾರದ ಮುಂದಿದ್ದ ಅಂಕಿ ಅಂಶಗಳು ಈ ಸಹಾಯವಾಣಿಯ ದೂರುಗಳಿಂದಲೇ ಬಂದವು. ಒಬ್ಬೊಬ್ಬರ ಚಿಲ್ಲರೆ ದೂರು ಸೇರಿ 2,061 ಆದದ್ದರಿಂದಲೇ ದೇಶಕ್ಕೆಲ್ಲ ಅನ್ವಯಿಸುವ ಆದೇಶಕ್ಕೆ ಆಧಾರ ಸಿಕ್ಕಿತು.

ಇಷ್ಟಾದರೂ ಹಣ ಬರದಿದ್ದರೆ ಜಿಲ್ಲಾ ಆಯೋಗ. ಪ್ರತಿಫಲದ ಮೊತ್ತವು 50 ಲಕ್ಷ ರೂಪಾಯಿಗಳವರೆಗಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. 5 ಲಕ್ಷದವರೆಗೆ ದೂರಿಗೆ ಶುಲ್ಕವೇ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವಿಲ್ಲ. ಮನೆಯಲ್ಲಿಯೇ ಕುಳಿತು e-jagriti.gov.in ಎಂಬ ಸರ್ಕಾರಿ ತಾಣದ ಮೂಲಕ ದೂರನ್ನು ಸಲ್ಲಿಸಬಹುದು. ತೊಂದರೆಯಾದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕೆಂಬುದನ್ನು ಮಾತ್ರ ಮರೆಯಬಾರದು. ನೋಟೀಸು ತಲುಪಿದ ಮೇಲೆ ಕಂಪನಿಯು 30 ದಿನಗಳಲ್ಲಿ, ಹೆಚ್ಚೆಂದರೆ ಇನ್ನೂ 15 ದಿನಗಳಲ್ಲಿ ಉತ್ತರ ಕೊಡಬೇಕು. ಈ 45 ದಿನಗಳ ಮಿತಿಯನ್ನು ಆಯೋಗವು ವಿಸ್ತರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2020ರ ಮಾರ್ಚ್ 4ರಂದು ಹೇಳಿದೆ. ತೀರ್ಪು ಬರುವುದಕ್ಕೆ ಮಾತ್ರ ತಿಂಗಳುಗಳೇ ಹಿಡಿಯಬಹುದು. ಒಂದು ಆಟೋ ಬಾಡಿಗೆಗಾಗಿ ಅಷ್ಟು ಶ್ರಮ ಬೇಕೇ ಎಂಬುದನ್ನು ಅವರವರೇ ನಿರ್ಧರಿಸಿಕೊಳ್ಳಬೇಕು. ಮಗನ ಕೋಚಿಂಗ್ ಆ್ಯಪ್‌ಗೆ ಕಟ್ಟಿದ 30,000 ರೂಪಾಯಿಯ ವಿಷಯವಾದರೆ ಲೆಕ್ಕವೇ ಬೇರೆಯಾಗುತ್ತದೆ. ಪರೀಕ್ಷಿಸುವ ಕೋಲು ಮಾತ್ರ ಎರಡಕ್ಕೂ ಒಂದೇ.

ಎಲ್ಲ ಷರತ್ತೂ ಅನ್ಯಾಯವಲ್ಲ

ಕೊನೆಯದಾಗಿ ನ್ಯಾಯದ ಇನ್ನೊಂದು ಬದಿಯನ್ನೂ ಹೇಳಬೇಕು. ಸೇವೆಯನ್ನು ಪೂರ್ತಿಯಾಗಿ ಪಡೆದು, ಅನಂತರ ಮನಸ್ಸು ಬದಲಾಯಿತೆಂದು ಹಣ ಕೇಳುವವರಿಗೆ ಕಾನೂನಿನ ಆಸರೆ ಇಲ್ಲ. ಮೊದಲೇ ದಪ್ಪ ಅಕ್ಷರದಲ್ಲಿ ತಿಳಿಸಿದ, ಎರಡೂ ಕಡೆಗೆ ಸಮನಾಗಿ ಅನ್ವಯಿಸುವ, ಆದ ನಷ್ಟಕ್ಕೆ ತಕ್ಕಷ್ಟೇ ಇರುವ ಷರತ್ತು ನಮ್ಮನ್ನೂ ಬಂಧಿಸುತ್ತದೆ. ಹಾಗಾಗಿ ಯಾವ ಆ್ಯಪ್‌ಗಾದರೂ ಹಣ ಕಟ್ಟುವ ಮೊದಲು ಇಡೀ ಪತ್ರವನ್ನು ಓದಲಾಗದಿದ್ದರೂ, 'Refund' ಮತ್ತು 'Cancellation' ಎಂಬ ಎರಡು ತಲೆಬರಹಗಳ ಕೆಳಗಿರುವುದನ್ನು ಮನೆಯ ಮಕ್ಕಳಿಂದ ಓದಿಸಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಹಣವು ಹಣವಾಗಿಯೇ ಹಿಂದಕ್ಕೆ ಬರುವುದೇ? ನಮಗಿರುವ ದಂಡ ಅವರಿಗೂ ಇದೆಯೇ? ಹೊಣೆಯನ್ನು ಹೊರುವವರು ಯಾರೆಂದು ಬರೆದಿದ್ದಾರೆ?

ಈ ಮೂರಕ್ಕೂ ಸಮಾಧಾನಕರ ಉತ್ತರ ಸಿಕ್ಕರೆ ನಿಶ್ಚಿಂತೆಯಿಂದ 'ಒಪ್ಪಿದೆ' ಎನ್ನಬಹುದು. ಸಿಕ್ಕದಿದ್ದರೆ ಮುಂಗಡ ಕೊಡದೆ, ಸೇವೆ ದೊರೆತ ಮೇಲೆ ಹಣ ಕೊಡುವ ಆಯ್ಕೆಯನ್ನು ಹಿಡಿಯುವುದು ಲೇಸು. ಹಣವು ನಮ್ಮ ಕೈಯಲ್ಲಿರುವವರೆಗೆ ಮರುಪಾವತಿಯ ಪ್ರಶ್ನೆಯೇ ಏಳುವುದಿಲ್ಲ.